ತರಗೆಲೆ ಗುಡ್ಡೆಗೆ ಥರ್ಮಾಮೀಟರ್ ಚುಚ್ಚಿದ್ರೆ

ಫೆಬ್ರವರಿ ಮಾರ್ಚ್ ಬಂತು ಅಂದ್ರೆ ನಮ್ಮ ಕಡೆ ಸರ್ಕಾರಿ ಶಾಲೆಗಳ ಅಂಗಳದ ತುಂಬಾ ಹೊಂಗೆ ಎಲೆ, ಬೆಳಿಗ್ಗೆ ಮಕ್ಕಳು ಗುಡಿಸಿ ಕಾಂಪೌಂಡ್ ಮೂಲೆಗೆ ಹಾಕ್ತಾರೆ, ಸಂಜೆ ಯಾರೋ ಬೆಂಕಿ ಇಡ್ತಾರೆ, ಮುಗೀತು. ಅದೇ ಮೂಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬಿಸಿಯೂಟದ ಅಡುಗೆಮನೆ, ಅಲ್ಲಿಂದ ದಿನಾ ತರಕಾರಿ ಸಿಪ್ಪೆ ಬರುತ್ತೆ. ಇವೆರಡನ್ನೂ ಸೇರಿಸಿ ಗೊಬ್ಬರ ಮಾಡಿ ಕೈತೋಟಕ್ಕೆ ಹಾಕಿ ಅಂತ ಎಲ್ರೂ ಹೇಳ್ತಾರೆ. ಮಾಡೋಕೆ ಹೋದ್ರೆ ಮೊದಲನೇ ತಿಂಗಳಲ್ಲೇ ನಾತ, ನೊಣ, ಹೆಡ್ ಮೇಷ್ಟ್ರ ಕೋಪ, ಗುಂಡಿ ಮುಚ್ಚಿಸ್ತಾರೆ. ಯಾಕೆ ಹಿಂಗಾಗುತ್ತೆ ಅಂತ ನೋಡಿದ್ರೆ ಅಲ್ಲೇ ಆರರಿಂದ ಎಂಟನೇ ಕ್ಲಾಸಿನ ಅರ್ಧ ವಿಜ್ಞಾನ ಕೂತಿರುತ್ತೆ.

ಮೊದಲು ಸಿಪ್ಪೆ ಲೆಕ್ಕ ಹಾಕೋಣ. ಬಿಸಿಯೂಟದ ನಿಯಮದ ಪ್ರಕಾರ ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರರಿಂದ ಎಂಟಕ್ಕೆ 75 ಗ್ರಾಂ. ಶಾಲೆಯಲ್ಲಿ ಚಿಕ್ಕವರು 60, ದೊಡ್ಡವರು 60 ಅಂದ್ಕೊಳ್ಳಿ, ಒಟ್ಟು ಏಳೂವರೆ ಕೆಜಿ ತರಕಾರಿ ಆಯ್ತು. ಅದರಲ್ಲಿ ಸಿಪ್ಪೆ, ತೊಟ್ಟು, ಕೊಳೆತದ್ದು ಅಂತ ತೆಗೆದ್ರೆ ಹೆಚ್ಚುಕಡಿಮೆ ಒಂದು ಕೆಜಿ ಸಿಗಬಹುದು, ಸೊಪ್ಪು ಮಾಡಿದ ದಿನ ಸ್ವಲ್ಪ ಜಾಸ್ತಿ. ಅನ್ನ ಸಾಂಬಾರ್ ಮಿಕ್ಕಿದ್ದನ್ನ ಇದಕ್ಕೆ ಸೇರಿಸಬಾರದು, ಇಲಿ ನಾಯಿ ಎರಡೂ ಬರ್ತವೆ. ಅಂದ್ರೆ ದಿನಕ್ಕೆ ಒಂದು ಕೆಜಿ, ಅಷ್ಟೇ. ಈ ಒಂದು ಕೆಜಿನ ದಿನಾ ಒಂದು ಬಕೆಟ್ಟಿಗೆ ಹಾಕ್ತಾ ಹೋದ್ರೆ ಅದು ಯಾವತ್ತೂ ಬಿಸಿ ಆಗಲ್ಲ, ತಣ್ಣಗೆ ಕೊಳೆಯುತ್ತೆ, ನಾತ ಶುರುವಾಗೋದು ಅಲ್ಲಿಂದಲೇ.

ಬಿಸಿ ಯಾಕೆ ಬೇಕು ಅಂತೀರಾ? ಎಲೆ ಸಗಣಿ ತಿನ್ನೋ ಬ್ಯಾಕ್ಟೀರಿಯಾ ನಮ್ಮ ಹಾಗೇ ಉಸಿರಾಡ್ತವೆ, ಆಮ್ಲಜನಕ ಒಳಗೆ, ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಹೊರಗೆ, ಜೊತೆಗೆ ಶಾಖ. ಪುಸ್ತಕದ ಉಸಿರಾಟದ ಪಾಠದಲ್ಲಿ ಬರೋ ಸಮೀಕರಣ ಇದೇ. ಶಾಖ ಎಲ್ಲಾ ಕಡೆನೂ ಹುಟ್ಟುತ್ತೆ, ಆದ್ರೆ ಚಿಕ್ಕ ರಾಶಿಯಲ್ಲಿ ನಿಲ್ಲಲ್ಲ. ಹಂಡೆ ನೀರು ಬೆಳಗಿನ ತನಕ ಬೆಚ್ಚಗಿರುತ್ತೆ, ಲೋಟದ ನೀರು ಹತ್ತು ನಿಮಿಷಕ್ಕೆ ಆರುತ್ತೆ, ಹಾಗೆ. ಲೆಕ್ಕದಲ್ಲೇ ನೋಡಿ: ಒಂದು ಮೀಟರ್ ಉದ್ದ ಅಗಲ ಎತ್ತರದ ರಾಶಿಗೆ ಹೊರಮೈ ಆರು ಚದರ ಮೀಟರ್, ಒಳಗಿನ ಗಾತ್ರ ಒಂದು ಘನ ಮೀಟರ್, ಅಂದ್ರೆ ಒಂದಕ್ಕೆ ಆರು. 30 ಸೆಂಟಿಮೀಟರ್ ಡಬ್ಬಕ್ಕೆ ಅದೇ ಲೆಕ್ಕ ಹಾಕಿದ್ರೆ ಒಂದಕ್ಕೆ ಇಪ್ಪತ್ತು! ಎಂಟನೇ ಕ್ಲಾಸಿನ ಮಕ್ಕಳು ಇದನ್ನ ಬೋರ್ಡಿನ ಮೇಲೆ ಎರಡು ನಿಮಿಷದಲ್ಲಿ ಮಾಡ್ತಾರೆ, ಮಾಡಿದ ಮೇಲೆ "ಅದಕ್ಕೇನಾ ಸಾರ್ ಮೂರಡಿ ಬೇಕು ಅಂದಿದ್ದು" ಅಂತಾರೆ. ಮೂರಡಿಗಿಂತ ಕಮ್ಮಿ ಇದ್ರೆ ಗೊಬ್ಬರ ಆಗಲ್ಲ ಅಂತಲ್ಲ, ನಿಧಾನ ಆಗುತ್ತೆ, ಕಳೆ ಬೀಜ ರೋಗಾಣು ಸಾಯಲ್ಲ.

ಹಾಗಾಗಿ ತರಗನ್ನ ಮಾರ್ಚಲ್ಲೇ ಗೋಣಿಚೀಲಕ್ಕೆ ತುಂಬಿ ನೆನೆಯದ ಹಾಗೆ ಇಟ್ಕೊಂಡು, ಜೂನಲ್ಲಿ ಶಾಲೆ ಶುರುವಾದ ಮೇಲೆ ಒಂದೇ ದಿನ ಗುಡ್ಡೆ ಕಟ್ಟೋದು ವಾಸಿ. ಎಷ್ಟಕ್ಕೆ ಎಷ್ಟು? ಬ್ಯಾಕ್ಟೀರಿಯಾಗೆ ಇಂಗಾಲ ಸೌದೆ ಇದ್ದ ಹಾಗೆ, ಸಾರಜನಕ ಮೈ ಕಟ್ಟೋಕೆ, ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲ ಇದ್ರೆ ಚೆನ್ನಾಗಿ ಓಡುತ್ತೆ. ಹತ್ತು ಕೆಜಿ ಒಣ ಎಲೆಯಲ್ಲಿ ಸುಮಾರು ನಾಲ್ಕೂವರೆ ಕೆಜಿ ಇಂಗಾಲ ಇರುತ್ತೆ, ಎಲೆಯ ಅನುಪಾತ 50 ಅಂತ ಹಿಡಿದ್ರೆ ಸಾರಜನಕ 90 ಗ್ರಾಂ. ಇಪ್ಪತ್ತು ಕೆಜಿ ಹಸಿ ಸಗಣಿಯಲ್ಲಿ ಹದಿನಾರು ಕೆಜಿ ಬರೀ ನೀರು, ಉಳಿದ ನಾಲ್ಕು ಕೆಜಿಯಲ್ಲಿ ಇಂಗಾಲ ಒಂದೂ ಮುಕ್ಕಾಲು ಕೆಜಿಗೆ ಸ್ವಲ್ಪ ಕಮ್ಮಿ, ಸಾರಜನಕ 80 ಗ್ರಾಂ. ಎರಡನ್ನೂ ಕೂಡಿಸಿ ಭಾಗಿಸಿದ್ರೆ ಸುಮಾರು 36 ಬರುತ್ತೆ. ಇನ್ನೂ ಸ್ವಲ್ಪ ಇಳಿಬೇಕು, ಅದಕ್ಕೆ ಅಂಗಳದ ಹಸಿ ಕಳೆ, ಅಡುಗೆಮನೆ ಸಿಪ್ಪೆ ಸೇರಿಸೋದು. ಮೂರಡಿ ಗುಡ್ಡೆಗೆ ಇದರ ಐದು ಪಾಲು, ಅಂದ್ರೆ 50 ಕೆಜಿ ತರಗು, 100 ಕೆಜಿ ಸಗಣಿಯಿಂದ ಶುರು ಮಾಡಿ. ನೀಲಗಿರಿ, ಅಕೇಶಿಯಾ ಎಲೆ ಆದ್ರೆ ಬೇಡ, ಗಟ್ಟಿ, ಕರಗೋಕೆ ಬಹಳ ಕಾಲ. ಹೊಂಗೆ ಬಂಗಾರ.

ಒಂದು ಗೇಣು ತರಗು, ಮೇಲೆ ಸಗಣಿ ಬಗ್ಗಡ, ಸಿಪ್ಪೆ ಕಳೆ, ಒಂದು ಬೊಗಸೆ ಹಳೇ ತಿಪ್ಪೆ ಮಣ್ಣು, ಮತ್ತೆ ತರಗು. 1920ರ ದಶಕದಲ್ಲಿ ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ರೂಪಿಸಿದ ವಿಧಾನ ಇದೇ, ನಮ್ಮ ರೈತರ ತಿಪ್ಪೆಯನ್ನೇ ಅಳತೆ ಮಾಡಿ ಕ್ರಮಕ್ಕೆ ತಂದ್ರು ಅಂದ್ರೂ ತಪ್ಪಿಲ್ಲ. ತೇವ ನೋಡೋಕೆ ಒಂದು ಹಿಡಿ ತೆಗೆದು ಹಿಂಡಿ, ಒಂದೆರಡು ಹನಿ ಬಂದ್ರೆ ಸರಿ, ಧಾರೆ ಬಂದ್ರೆ ಜಾಸ್ತಿ, ಅಂಟದೆ ಉದುರಿದ್ರೆ ಕಮ್ಮಿ.

ಈಗ ಥರ್ಮಾಮೀಟರ್. ಜ್ವರ ನೋಡೋದು ಬೇಡ, ಅದು 42 ಡಿಗ್ರಿಗೇ ನಿಂತುಬಿಡುತ್ತೆ. ಲ್ಯಾಬಿನಲ್ಲಿರೋ 110 ಡಿಗ್ರಿಯ ಕೆಂಪು ಸ್ಪಿರಿಟ್ಟಿನದು ತಗೊಂಡು, ಮೊದಲು ಕೋಲಿನಿಂದ ಒಂದು ಮೊಳ ಆಳಕ್ಕೆ ತೂತು ಮಾಡಿ, ಅದರೊಳಗೆ ದಾರ ಕಟ್ಟಿ ಇಳಿಬಿಡಬೇಕು, ಗಾಜನ್ನ ಚುಚ್ಚೋಕೆ ಹೋದ್ರೆ ಮುರಿಯುತ್ತೆ. ಪಾದರಸದ್ದು ಇದ್ರೆ ಅದನ್ನ ಬೀರುವಿನಲ್ಲೇ ಇಡಿ. ಐದು ನಿಮಿಷ ಬಿಟ್ಟು ಓದಿ, ಅದೇ ಹೊತ್ತಿಗೆ ಹೊರಗಿನ ಗಾಳಿಯ ತಾಪಮಾನನೂ ಬರ್ಕೊಳ್ಳಿ. ಎರಡು ಮೂರು ದಿನದಲ್ಲಿ ಗುಡ್ಡೆ 50 ದಾಟುತ್ತೆ, ಆಮೇಲೆ 60ರ ಹತ್ರ ಹೋಗುತ್ತೆ, ಮಕ್ಕಳಿಗೆ ನಂಬೋಕೇ ಆಗಲ್ಲ, ಬೆಂಕಿ ಇಟ್ಟಿಲ್ಲ ಬಿಸಿಲೂ ಇಲ್ಲ, ತೆಗೆದ ಕೋಲು ಕೈಗೆ ಸುಡುತ್ತೆ! 55ರ ಮೇಲೆ ಮೂರು ದಿನ ನಿಂತ್ರೆ ಹೆಚ್ಚಿನ ರೋಗಾಣು, ಕಳೆ ಬೀಜ ಸಾಯ್ತವೆ, 70ರ ಹತ್ರ ಹೋದ್ರೆ ಕೆಲಸ ಮಾಡೋ ಬ್ಯಾಕ್ಟೀರಿಯಾನೇ ಸಾಯೋಕೆ ಶುರು, ಆಗ ಬಿಚ್ಚಿ ಹರಡಬೇಕು.

ಮಕ್ಕಳಿಗೆ ಡ್ಯೂಟಿ ಪಟ್ಟಿ ಬೇಕಾಗೋದು ಇಲ್ಲೇ. ದಿನಾ ಇಬ್ಬರು, ಒಬ್ಬರು ಸಿಪ್ಪೆ ತೂಗಿ ಗುಡ್ಡೆಯ ಮಧ್ಯ ಹೂತು ತರಗು ಮುಚ್ಚೋದು, ಇನ್ನೊಬ್ಬರು ತಾಪಮಾನ ಮತ್ತು ವಾಸನೆ ಬರೆಯೋದು. ಗೋಡೆ ಮೇಲೆ ಗ್ರಾಫ್ ಹಾಳೆ. ಈ ಗ್ರಾಫಿನಲ್ಲಿ ಒಂದು ಮಜಾ ಇದೆ, ಯಾರಾದ್ರೂ ಹೋಗದೇನೇ "ನಿನ್ನೆ 52 ಇತ್ತಲ್ಲ, ಇವತ್ತೂ 52" ಅಂತ ಬರೆದ್ರೆ ಸಿಕ್ಕಿಬೀಳ್ತಾರೆ, ಯಾಕಂದ್ರೆ ಗುಡ್ಡೆ ಹಾಗೆ ನಿಂತಲ್ಲೇ ನಿಲ್ಲಲ್ಲ, ಮೊದಲ ವಾರ ಏರುತ್ತೆ, ಆಮೇಲೆ ಇಳಿಯುತ್ತೆ, ತಿರುವಿ ಹಾಕಿದ ಮಾರನೇ ದಿನ ಮತ್ತೆ ಏರುತ್ತೆ. ತಿರುವಬೇಕಾದ ಶನಿವಾರ ಬಿಟ್ಟುಬಿಟ್ರೆ ಸೋಮವಾರ ಗೆರೆ ಕೆಳಗೆ ಇರುತ್ತೆ, ಯಾರೂ ಬೈಯಬೇಕಾಗಿಲ್ಲ. ಎರಡು ಮೂರು ಸಲ ತಿರುವಿ, ತೇವ ಸರಿ ಇದ್ರೂ ಏರಲಿಲ್ಲ ಅಂದ್ರೆ ಸುಲಭವಾಗಿ ತಿನ್ನೋ ಊಟ ಮುಗೀತು ಅಂತ ಅರ್ಥ.

ವಾಸನೆ ಕಾಲಂನ ಹಗುರಾಗಿ ತಗೋಬೇಡಿ, ಮೂಗು ಥರ್ಮಾಮೀಟರಿಗಿಂತ ಮುಂಚೆ ಹೇಳುತ್ತೆ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಒಳಗೆ ಗಾಳಿ ಇಲ್ಲ, ನೀರು ಜಾಸ್ತಿ, ಬಿಚ್ಚಿ ಒಣ ತರಗು ಸೇರಿಸಿ ತಿರುವಿ. ಮೂತ್ರದ ಘಾಟು ಬಂದ್ರೆ ಅಮೋನಿಯಾ, ಅಂದ್ರೆ ಸಗಣಿ ಸಿಪ್ಪೆ ಜಾಸ್ತಿ ಆಗಿ ಸಾರಜನಕ ಗಾಳಿಗೆ ಹೋಗ್ತಿದೆ, ಇದಕ್ಕೂ ತರಗೇ ಮದ್ದು. ವಾಸನೆನೇ ಇಲ್ಲ, ಬಿಸಿನೂ ಇಲ್ಲ, ಇರುವೆ ಗೂಡು ಕಟ್ಟಿವೆ ಅಂದ್ರೆ ಒಣಗಿದೆ. ಒಳಗೆ ಬೂದಿ ಥರ ಬಿಳಿ ಪುಡಿ ಕಂಡ್ರೆ ಮಕ್ಕಳು ಹೆದರ್ತಾರೆ, ಅದು ಆಕ್ಟಿನೋಮೈಸೀಟ್ಸ್ ಅನ್ನೋ ಬ್ಯಾಕ್ಟೀರಿಯಾ, ಮೊದಲ ಮಳೆ ಬಿದ್ದಾಗ ಬರೋ ಮಣ್ಣಿನ ಘಮ ಇವುಗಳದ್ದೇ. ಅದನ್ನ ಮೂಗಿನ ಹತ್ರ ಹಿಡಿದು ಊದೋದು ಮಾತ್ರ ಬೇಡ, ಉಬ್ಬಸ ಇರೋ ಮಕ್ಕಳನ್ನ ತಿರುವೋ ದಿನ ದೂರ ಇಡಿ. ಎಲ್ರೂ ಸೋಪು ಹಾಕಿ ಕೈ ತೊಳೀಬೇಕು, ಗುಡ್ಡೆಗೆ ಕೈ ಹಾಕೋ ಮುಂಚೆ ಕೋಲಿನಿಂದ ತಟ್ಟಬೇಕು, ಬೆಚ್ಚಗಿರೋ ಜಾಗ ಅಂದ್ರೆ ಚೇಳು ಹಾವಿಗೂ ಇಷ್ಟ.

ಇನ್ನೊಂದು ಮಾತು, ಹೇಳಲೇಬೇಕು. ಸಗಣಿ ಹೊರೋದು ಯಾವಾಗ್ಲೂ ಅದೇ ನಾಲ್ಕು ಹುಡುಗರು, ಗುಡಿಸೋದು ಯಾವಾಗ್ಲೂ ಹೆಣ್ಣುಮಕ್ಕಳು, ಥರ್ಮಾಮೀಟರ್ ಹಿಡಿಯೋದು ಫಸ್ಟ್ ರ‍್ಯಾಂಕ್ ಹುಡುಗ ಅಂತಾದ್ರೆ ಅಲ್ಲಿ ಯಾವ ವಿಜ್ಞಾನನೂ ಇಲ್ಲ, ಊರಿನ ಹಳೇ ವ್ಯವಸ್ಥೆಗೆ ಟೈಮ್‌ಟೇಬಲ್ ಹಾಕಿದ ಹಾಗೆ. ಪಟ್ಟಿ ಹಾಜರಿ ಪುಸ್ತಕದ ಕ್ರಮದಲ್ಲಿ ತಿರುಗಲಿ, ಮೇಷ್ಟ್ರ ಹೆಸರೂ ಅದರಲ್ಲಿರಲಿ. ತಪ್ಪು ಮಾಡಿದವರಿಗೆ ಶಿಕ್ಷೆ ಅಂತ ಗುಡ್ಡೆ ಕೆಲಸ ಕೊಡೋದಂತೂ ಬೇಡವೇ ಬೇಡ.

ಬೇಸಿಗೆ ರಜೆಗೆ ಏನ್ಮಾಡೋದು? ಎರಡು ತಿಂಗಳು ಹತ್ತಿರ ಹತ್ತಿರ ಯಾರೂ ಇರಲ್ಲ. ಇದಕ್ಕೆ ನಮ್ಮ ಬೆಂಗಳೂರಲ್ಲೇ ಉತ್ತರ ಇದೆ. 1939ರ ಹೊತ್ತಿಗೆ ಆಚಾರ್ಯ ಅನ್ನೋ ವಿಜ್ಞಾನಿ ನಗರದ ಕಸಕ್ಕೆ ಅಂತ ಒಂದು ವಿಧಾನ ಮಾಡಿದ್ರು, ಬೆಂಗಳೂರು ವಿಧಾನ ಅಂತಲೇ ಹೆಸರು: ಗುಂಡಿಗೆ ಪದರ ಪದರ ಹಾಕಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡೋದು, ತಿರುವೋ ಹಂಗೇ ಇಲ್ಲ. ಗಾಳಿ ಇಲ್ಲದೆ ನಿಧಾನಕ್ಕೆ ಆಗುತ್ತೆ, ಆರೆಂಟು ತಿಂಗಳು ಹಿಡಿಯುತ್ತೆ, ಆದ್ರೆ ತೇವನೂ ಸಾರಜನಕನೂ ಜಾಸ್ತಿ ಉಳಿಯುತ್ತೆ. ಮಾರ್ಚಿನ ತರಗಿನಲ್ಲಿ ಅರ್ಧ ಇದಕ್ಕೆ ಹಾಕಿ ಮುಚ್ಚಿ ರಜೆಗೆ ಹೋಗಿ, ಉಳಿದರ್ಧ ಜೂನಿನ ಬಿಸಿ ಗುಡ್ಡೆಗೆ. ದಸರಾ ರಜೆ ಮುಗಿಯೋ ಹೊತ್ತಿಗೆ ಎರಡೂ ಗೊಬ್ಬರ ಕೈಗೆ ಬರುತ್ತೆ, ಒಂದೇ ಎಲೆ, ಎರಡು ದಾರಿ.

ಆಯ್ತಾ ಇಲ್ವಾ ಅಂತ ನೋಡೋಕೆ ಬಣ್ಣ ನಂಬಬೇಡಿ, ಕಪ್ಪಗಿದ್ದ ಮಾತ್ರಕ್ಕೆ ಆಗಿರಲ್ಲ. ಒದ್ದೆ ಗೊಬ್ಬರನ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ ಮೂರು ದಿನ ಬಿಟ್ಟು ತೆಗೀರಿ, ಹುಳಿ ನಾತ ಬಂದ್ರೆ ಇನ್ನೂ ಆಗಿಲ್ಲ. ಆಮೇಲೆ ಎರಡು ತಟ್ಟೆಯಲ್ಲಿ ಇಪ್ಪತ್ತಿಪ್ಪತ್ತು ಮೆಂತ್ಯ ಕಾಳು ಹಾಕಿ, ಒಂದು ಗೊಬ್ಬರದಲ್ಲಿ, ಇನ್ನೊಂದು ಬರೀ ಮಣ್ಣಲ್ಲಿ. ಗೊಬ್ಬರದಲ್ಲಿ ಕಮ್ಮಿ ಮೊಳೆತ್ರೆ ಅಥವಾ ಬೇರಿನ ತುದಿ ಕಂದು ಆದ್ರೆ ಇನ್ನೂ ಕಾಯಿರಿ.

ನಿಜವಾದ ಪಾಠ ದಂಟಿನ ಸೊಪ್ಪಿನ ಮಡಿಯಲ್ಲಿ. ಮೂರು ಮಡಿ ಮಾಡಿ, ಒಂದಕ್ಕೆ ಏನೂ ಇಲ್ಲ, ಇನ್ನೊಂದಕ್ಕೆ ಚದರ ಮೀಟರಿಗೆ ಎರಡು ಕೆಜಿ ಆದ ಗೊಬ್ಬರ, ಮೂರನೇದಕ್ಕೆ ಅಷ್ಟೇ ಅರೆಬರೆ ಕೊಳೆತ, ಎಲೆಯ ಆಕಾರ ಕಾಣ್ತಿರೋ ಗೊಬ್ಬರ. ಎರಡು ಮೂರು ವಾರಕ್ಕೆ ಮೂರನೇ ಮಡಿ ಏನೂ ಹಾಕದ ಮಡಿಗಿಂತಲೂ ಹಳದಿಯಾಗಿ ಕೂತಿರೋದು ಎಷ್ಟೋ ಸಲ ಕಾಣುತ್ತೆ, ಮಕ್ಕಳು ತಕ್ಷಣ "ನೀರು ಡ್ಯೂಟಿ ಯಾರದ್ದು?" ಅಂತ ಜಗಳ ತೆಗೀತಾರೆ. ನೀರಿಲ್ಲದೆ ಆದ್ರೆ ಎಲೆ ಬಾಡುತ್ತೆ, ಇದು ಬಾಡಿಲ್ಲ. ಯಾವ ಎಲೆ ಹಳದಿ ಅಂತ ನೋಡಿಸಿ, ಬುಡದ ಹಳೇ ಎಲೆ ಮೊದಲು ಹಳದಿ ಆಗಿರುತ್ತೆ, ಅಂದ್ರೆ ಗಿಡ ಹಳೇ ಎಲೆಯಿಂದ ಸಾರಜನಕ ತೆಗೆದು ಚಿಗುರಿಗೆ ಕಳಿಸ್ತಿದೆ. ಮಣ್ಣಲ್ಲಿದ್ದ ಸಾರಜನಕ ಎಲ್ಲಿ ಹೋಯ್ತು? ಅರೆಬರೆ ಎಲೆ ತಿನ್ನೋ ಬ್ಯಾಕ್ಟೀರಿಯಾ ಮೈ ಕಟ್ಕೊಳ್ಳೋಕೆ ಅದನ್ನ ಎತ್ಕೊಂಡಿವೆ. ಜೂನಲ್ಲಿ ಬೋರ್ಡಿನ ಮೇಲೆ ಹಾಕಿದ್ದ ಆ 36ರ ಲೆಕ್ಕ ಇಲ್ಲಿ ಗಿಡದ ಮೇಲೆ ಕಾಣುತ್ತೆ. ಆ ಮಡಿನ ಕಿತ್ತುಹಾಕಬೇಡಿ, ಬ್ಯಾಕ್ಟೀರಿಯಾ ಊಟ ಮುಗಿಸಿ ಸತ್ತ ಮೇಲೆ ಸಾರಜನಕ ಮಣ್ಣಿಗೆ ವಾಪಸ್ ಬರುತ್ತೆ, ಅದೇ ಜಾಗಕ್ಕೆ ಮುಂದಿನ ಸಲ ಮೆಂತ್ಯ ಸೊಪ್ಪು ಹಾಕಿ ಮೂರೂ ಮಡಿದು ಮತ್ತೆ ತೂಕ ಮಾಡಿಸಿ.