ವೋಲ್ಟೇಜ್ ಅರ್ಧಕ್ಕೆ ಇಳಿದರೂ ಟಾರ್ಕ್ ಕಾಲು ಆಗುವುದಿಲ್ಲ, ಯಾಕೆ?

ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ ಅಪ್ರೆಂಟಿಸ್ ಆಗಿದ್ದೇನೆ. ಅಲ್ಲಿನ ಬೆಲ್ಟ್ ಕನ್ವೇಯರ್‌ಗೆ 5 ಎಚ್‌ಪಿ ಮೋಟಾರ್ ಇದೆ: 3.7 ಕಿಲೋವ್ಯಾಟ್, 415 ವೋಲ್ಟ್, 50 ಹರ್ಟ್ಜ್, 1440 ಆರ್‌ಪಿಎಂ. ಅದನ್ನು ಓಡಿಸುವುದು ವಿಎಫ್‌ಡಿ. ಅದು ವೋಲ್ಟೇಜನ್ನೂ ಫ್ರೀಕ್ವೆನ್ಸಿಯನ್ನೂ ಒಟ್ಟಿಗೇ ಏರಿಸಿ ಇಳಿಸುತ್ತದೆ. 415ನ್ನು 50ರಿಂದ ಭಾಗಿಸಿದರೆ ಹರ್ಟ್ಜ್‌ಗೆ 8.3 ವೋಲ್ಟ್. ಹಾಗಾಗಿ 25 ಹರ್ಟ್ಜ್‌ಗೆ 207.5 ವೋಲ್ಟ್, 10 ಹರ್ಟ್ಜ್‌ಗೆ 83. ಇಷ್ಟು ಎಲ್ಲರಿಗೂ ಗೊತ್ತು.

ನಾನು ಸಿಕ್ಕಿಬಿದ್ದದ್ದು ಇಲ್ಲಿ. ಇಂಡಕ್ಷನ್ ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿದೆ ಎಂದು ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆವು. ಹಾಗಾದರೆ 207 ವೋಲ್ಟಿಗೆ ಟಾರ್ಕ್ ಕಾಲು ಭಾಗಕ್ಕೆ ಇಳಿಯಬೇಕಲ್ಲ? ಬೆಲ್ಟ್ ಮಾತ್ರ ತುಂಬಿದ ಹೊರೆಯನ್ನು 25 ಹರ್ಟ್ಜ್‌ನಲ್ಲಿ ಆರಾಮಾಗಿ ಎಳೆಯುತ್ತಿತ್ತು. ಸೀನಿಯರ್ ಅಣ್ಣನನ್ನು ಕೇಳಿದರೆ, "ಆ ಸೂತ್ರ ಹೇಳಿದಾಗ ಫ್ರೀಕ್ವೆನ್ಸಿ ಎಷ್ಟು ಅಂತ ಹೇಳಿದ್ರಾ ನಿಂಗೆ?" ಅಂದರು.

ಹೇಳಿದ್ದರು, 50ಕ್ಕೆ ಕಟ್ಟಿಟ್ಟು. ನಾನು ಆ ಷರತ್ತನ್ನೇ ಮರೆತಿದ್ದೆ.

ಟಾರ್ಕ್ ಹುಟ್ಟುವುದು ಫ್ಲಕ್ಸ್‌ನಿಂದ, ಫ್ಲಕ್ಸ್ ಹುಟ್ಟುವುದು ಮ್ಯಾಗ್ನೆಟೈಸಿಂಗ್ ಕರೆಂಟಿನಿಂದ. ಲೆಕ್ಕ ಸುಲಭವಾಗಲೆಂದು ಸ್ಟಾರ್ ಅಂದುಕೊಂಡು, 50 ಹರ್ಟ್ಜ್‌ನಲ್ಲಿ ಒಂದು ಫೇಸಿಗೆ ಮ್ಯಾಗ್ನೆಟೈಸಿಂಗ್ ರಿಯಾಕ್ಟೆನ್ಸ್ 60 ಓಮ್ ಇದೆ ಎಂದಿಟ್ಟುಕೊಳ್ಳಿ. ಫೇಸ್ ವೋಲ್ಟೇಜ್ 240, ಕರೆಂಟ್ 4 ಆಂಪಿಯರ್. 25 ಹರ್ಟ್ಜ್‌ಗೆ ಬಂದರೆ ರಿಯಾಕ್ಟೆನ್ಸೇ 30 ಓಮ್ ಆಗುತ್ತದೆ, ಯಾಕೆಂದರೆ ಅದು ಫ್ರೀಕ್ವೆನ್ಸಿಯ ಜೊತೆಗೇ ಇಳಿಯುತ್ತದೆ. ವೋಲ್ಟೇಜೂ 120ಕ್ಕೆ ಇಳಿದಿದೆ. ಕರೆಂಟ್ ಮತ್ತೆ 4 ಆಂಪಿಯರ್, ಫ್ಲಕ್ಸ್ ಅಷ್ಟೇ. 25 ಹರ್ಟ್ಜ್‌ಗೆ 240 ವೋಲ್ಟನ್ನೇ ಕೊಟ್ಟಿದ್ದರೆ ಫ್ಲಕ್ಸ್ ಎರಡು ಪಟ್ಟಾಗಲು ಹೊರಡುತ್ತಿತ್ತು. ಕಬ್ಬಿಣಕ್ಕೆ ಅಷ್ಟು ಹಿಡಿಸುವುದಿಲ್ಲ, ಕೋರ್ ಸ್ಯಾಚುರೇಟ್ ಆಗಿ ಕರೆಂಟ್ 8ನ್ನೂ ಮೀರಿ ನುಗ್ಗುತ್ತಿತ್ತು. ಅಂದರೆ ವರ್ಗ ಮಾಡಬೇಕಾದ್ದು ವೋಲ್ಟೇಜನ್ನಲ್ಲ, ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿಯ ಅನುಪಾತವನ್ನು.

ರೋಟರ್ ಕಡೆಯಿಂದಲೂ ಒಮ್ಮೆ ನೋಡಿ. 1500ಕ್ಕೆ ತಿರುಗುವ ಫೀಲ್ಡಿನ ಹಿಂದೆ ರೋಟರ್ 1440ರಲ್ಲಿದೆ, ವ್ಯತ್ಯಾಸ 60. 25 ಹರ್ಟ್ಜ್‌ನಲ್ಲಿ ಫೀಲ್ಡ್ 750, ರೋಟರ್ ಸುಮಾರು 690, ವ್ಯತ್ಯಾಸ ಆಗಲೂ 60. ಅದೇ ಫ್ಲಕ್ಸು ಅದೇ 60ರ ವೇಗದಲ್ಲಿ ರೋಟರ್ ಬಾರ್‌ಗಳನ್ನು ಕತ್ತರಿಸುತ್ತಿರುವಾಗ ರೋಟರ್ ಕರೆಂಟೂ ಟಾರ್ಕೂ ಬದಲಾಗಲು ಕಾರಣವೇ ಇಲ್ಲ. ಸ್ಲಿಪ್ಪನ್ನು ಶೇಕಡಾದಲ್ಲಿ ಬರೆದರೆ 4 ಹೋಗಿ 8 ಆಗಿ ಗಾಬರಿ ಹುಟ್ಟಿಸುತ್ತದೆ. ಆರ್‌ಪಿಎಂನಲ್ಲೇ ಬರೆಯುವುದು ನನ್ನ ಅಡ್ಡದಾರಿ. ಟಾರ್ಕ್ ಎರಡೂ ಕಡೆ ಸುಮಾರು 24.5 ನ್ಯೂಟನ್ ಮೀಟರ್. ಕಡಿಮೆಯಾದದ್ದು ಪವರ್: 3.7ರಿಂದ 1.8 ಕಿಲೋವ್ಯಾಟಿನ ಹತ್ತಿರಕ್ಕೆ.

ಇಷ್ಟು ಅರ್ಥವಾಯಿತು ಅನ್ನುವಷ್ಟರಲ್ಲಿ ಆ 'ಕಾಲು ಭಾಗ' ಬೇರೆ ಬಾಗಿಲಿನಿಂದ ಒಳಗೆ ಬಂತು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದ್ದ ಬೆಲ್ಟ್ ಮೇಲೆ ಪಾರ್ಚ್‌ಮೆಂಟ್ ಕಾಫಿ ಹಾಗೇ ಇತ್ತು. ಸ್ಟಾರ್ಟ್ ಕೊಟ್ಟರೆ ಮೋಟಾರ್ ಗುಂಯ್‌ಗುಡುತ್ತದೆ, ಶಾಫ್ಟ್ ಅಲುಗುವುದಿಲ್ಲ, ಸ್ವಲ್ಪ ಹೊತ್ತಿಗೆ ಡ್ರೈವ್ ಓವರ್‌ಲೋಡ್ ಟ್ರಿಪ್. ನೋಡಿದರೆ ಟಾರ್ಕ್ ಬೂಸ್ಟ್ ಸೊನ್ನೆಯಲ್ಲಿತ್ತು.

5 ಹರ್ಟ್ಜ್‌ನಲ್ಲಿ ಫೇಸಿಗೆ ಸಿಗುವುದು 24 ವೋಲ್ಟ್. ಸ್ಟೇಟರ್ ವೈಂಡಿಂಗ್ ರೆಸಿಸ್ಟೆನ್ಸ್ ಫೇಸಿಗೆ 1.5 ಓಮ್, ಕರೆಂಟ್ 7.5 ಆಂಪಿಯರ್ ಅಂದುಕೊಂಡರೆ ಸುಮಾರು 11 ವೋಲ್ಟ್ ತಂತಿಯಲ್ಲೇ ಕರಗುತ್ತದೆ. 240ರಲ್ಲಿ 11 ಲೆಕ್ಕಕ್ಕಿಲ್ಲ, 24ರಲ್ಲಿ ಅದು ಅರ್ಧದ ಹತ್ತಿರ. ಫೇಸ್ ಕೋನ ಬಿಟ್ಟು ಒರಟಾಗಿ ಕಳೆದರೆ ಫ್ಲಕ್ಸ್ ಹುಟ್ಟಿಸಲು ಉಳಿಯುವುದು 13. ರಿಯಾಕ್ಟೆನ್ಸ್ ಫ್ರೀಕ್ವೆನ್ಸಿಯ ಜೊತೆ ಇಳಿಯುತ್ತದೆ, ರೆಸಿಸ್ಟೆನ್ಸ್ ಇಳಿಯುವುದಿಲ್ಲ. ಹೊರಗಿನ ಅನುಪಾತ 8.3 ಇದ್ದರೂ ಒಳಗಿನದು ಅರ್ಧವಾಗಿದೆ, ಅರ್ಧದ ವರ್ಗ ಕಾಲು. ಬೂಸ್ಟ್ ಅಂದರೆ ಈ ಕರಗುವ ವೋಲ್ಟೇಜನ್ನು ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಮೇಲಿಂದ ಸೇರಿಸುವುದು, ಅಷ್ಟೇ.

ಅಣ್ಣ ಶೇಕಡಾ 2ರಿಂದ ಒಂದೊಂದಾಗಿ ಏರಿಸಿದರು, 4ಕ್ಕೆ ಬೆಲ್ಟ್ ಹೊರಟಿತು. ನಾನು ಧೈರ್ಯ ಮಾಡಿ 10 ಇಡೋಣವಾ ಅಂದೆ. ಅವರು ಬೆಲ್ಟ್ ಖಾಲಿ ಮಾಡಿಸಿ 5 ಹರ್ಟ್ಜ್‌ನಲ್ಲಿ 10 ಇಟ್ಟು ತೋರಿಸಿದರು: ಹೊರೆಯಿಲ್ಲದೆಯೂ ಡಿಸ್‌ಪ್ಲೇಯಲ್ಲಿ ಕರೆಂಟ್ ರೇಟೆಡ್ ಮೀರಿತ್ತು. ಅತಿ ಬೂಸ್ಟಿನ ಗುರುತು ಅದೇ. ನಿಧಾನ ವೇಗದಲ್ಲಿ ಮೋಟಾರಿನ ಸ್ವಂತ ಫ್ಯಾನೂ ನಿಧಾನ, ಬಿಸಿ ಹೊರಹೋಗಲು ದಾರಿಯಿಲ್ಲ.

50ರ ಮೇಲೆ ಕಥೆ ಬೇರೆ. ಸಪ್ಲೈ 415ಕ್ಕೇ ನಿಲ್ಲುವುದರಿಂದ 60 ಹರ್ಟ್ಜ್‌ನಲ್ಲಿ ಅನುಪಾತ 6.9ಕ್ಕೆ ಬೀಳುತ್ತದೆ, ಎಳೆಯುವ ಶಕ್ತಿಯೂ ಅದರ ಹಿಂದೆ.

ಇನ್ನೊಂದು ಮಾತು: 25 ಹರ್ಟ್ಜ್‌ನಲ್ಲಿ ಡ್ರೈವಿನ ಔಟ್‌ಪುಟ್‌ಗೆ ನನ್ನ ಅಗ್ಗದ ಮೀಟರ್ ಇಟ್ಟಾಗ 207 ಬರಲೇ ಇಲ್ಲ, ಅರ್ಧ ದಿನ ಡ್ರೈವ್ ಹಾಳೆಂದು ನಂಬಿದ್ದೆ. ಅಲ್ಲಿರುವುದು ಸೈನ್ ವೇವ್ ಅಲ್ಲ, ಕತ್ತರಿಸಿದ ಪಲ್ಸ್‌ಗಳು. ಡಿಸ್‌ಪ್ಲೇಯ ಔಟ್‌ಪುಟ್ ವೋಲ್ಟೇಜ್ ನೋಡಿ, ಇಲ್ಲವೇ ಲೋ ಪಾಸ್ ಫಿಲ್ಟರ್ ಇರುವ ಮೀಟರ್ ಹಿಡಿಯಿರಿ.