ಮಧ್ಯಸ್ಥಿಕೆ: ತೀರ್ಪು ಕೊಡದವನ ಕೆಲಸ

‘15 ದಿನದೊಳಗೆ ಬಿಲ್ ಚುಕ್ತಾ ಮಾಡದಿದ್ದರೆ ತಮ್ಮನ್ನು ಮಧ್ಯಸ್ಥಿಕೆಗೆ ಒಳಪಡಿಸಲಾಗುವುದು.’ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ತಾರಿಹಾಳದವರೆಗಿನ ಕಾರ್ಖಾನೆಗಳ ಲೆಟರ್‌ಹೆಡ್‌ಗಳ ಮೇಲೆ ಈ ಸಾಲು ಆಗಾಗ ಕಾಣುತ್ತದೆ. ಆದರೆ ಮಧ್ಯಸ್ಥಿಕೆಗೆ ಯಾರನ್ನೂ ಹೀಗೆ ‘ಒಳಪಡಿಸಲು’ ಬರುವುದಿಲ್ಲ. ಬನ್ನಿ ಎಂದು ಕರೆಯಬಹುದು, ಅಷ್ಟೇ.

ಗೊಂದಲಕ್ಕೆ ಕಾರಣವಿದೆ. ಮೀಡಿಯೇಷನ್‌ಗೂ ಆರ್ಬಿಟ್ರೇಷನ್‌ಗೂ ಕನ್ನಡದಲ್ಲಿ ಇದೊಂದೇ ಪದ ಓಡಾಡುತ್ತದೆ. ಮಧ್ಯಸ್ಥ ಎಂದರೆ ನಡುವೆ ನಿಂತವನು. ನಿಂತು ಏನು ಮಾಡುತ್ತಾನೆ ಎಂಬುದನ್ನು ಪದ ಹೇಳುವುದಿಲ್ಲ. ನಮ್ಮ ಕಡೆ ‘ಹಿರೇರು ನಡುವ ಬಿದ್ದು ಹರದ್ರು’ ಅಂದಾಗಲೂ ಅವರು ಇಬ್ಬರನ್ನೂ ಒಪ್ಪಿಸಿದರೋ, ತಾವೇ ತೀರ್ಮಾನ ಹೇಳಿ ಎದ್ದರೋ ಗೊತ್ತಾಗದು. ಕಾನೂನಿಗೆ ಈ ವ್ಯತ್ಯಾಸವೇ ಮುಖ್ಯ. ಮೀಡಿಯೇಟರ್ ಏನನ್ನೂ ತೀರ್ಮಾನಿಸುವುದಿಲ್ಲ, ಇಬ್ಬರೂ ಸಹಿ ಹಾಕುವವರೆಗೆ ಯಾರಿಗೂ ಕಟ್ಟುಪಾಡಿಲ್ಲ. ಆರ್ಬಿಟ್ರೇಟರ್ ಕೊಡುವುದು ತೀರ್ಪು. ಅದನ್ನು ಪ್ರಶ್ನಿಸಲು 1996ರ ಕಾಯ್ದೆಯ 34ನೇ ಕಲಮಿನ ಕೆಲವೇ ಕಾರಣಗಳಿವೆ, ‘ಲೆಕ್ಕ ನನಗೆ ಒಪ್ಪಿಗೆಯಿಲ್ಲ’ ಎಂಬುದು ಅವುಗಳಲ್ಲಿಲ್ಲ.

ಆದ್ದರಿಂದ ಪತ್ರದಲ್ಲಿ ‘ಚೇಂಬರಿನ ಹಿರಿಯರು ಹೇಳಿದ್ದಕ್ಕೆ ಇಬ್ಬರೂ ಬದ್ಧರಾಗೋಣ’ ಎಂದು ಸೌಜನ್ಯಕ್ಕೂ ಬರೆಯಬೇಡಿ. ಎದುರಿನವರು ‘ಆಗಲಿ’ ಎಂದು ಉತ್ತರಿಸಿದರೆ ಆ ಎರಡು ಪತ್ರಗಳೇ ಆರ್ಬಿಟ್ರೇಷನ್ ಒಪ್ಪಂದವಾಗಬಹುದು. ಆಮೇಲೆ ಕೋರ್ಟಿಗೆ ಹೋದರೂ ಎದುರಿನವರು ಆ ಪತ್ರ ತೋರಿಸಿ ನಿಮ್ಮನ್ನು ಆರ್ಬಿಟ್ರೇಷನ್‌ಗೇ ವಾಪಸು ಕಳಿಸಬಲ್ಲರು. ಬರೆಯಬೇಕಾದದ್ದು ಇಷ್ಟು: ‘ಮಾತುಕತೆಗೆ ಇಂಥವರು ನೆರವಾಗಲಿ. ಅವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಇಬ್ಬರೂ ಸಹಿ ಮಾಡಿದ ಒಪ್ಪಂದ ಮಾತ್ರ ಬದ್ಧ.’

ಒಂದು ಲೆಕ್ಕ ನೋಡಿ. ಬ್ಯಾಡಗಿಯ ಖಾರದಪುಡಿ ಘಟಕಕ್ಕೆ ಹುಬ್ಬಳ್ಳಿಯ ಪ್ಯಾಕಿಂಗ್‌ನವರು ಒಂದಕ್ಕೆ 12 ರೂಪಾಯಿಯಂತೆ 40,000 ಪೌಚ್ ಕೊಟ್ಟಿದ್ದಾರೆ ಎನ್ನಿ. ಶೇ 18 ಜಿಎಸ್‌ಟಿ ಸೇರಿ ಬಿಲ್ 5,66,400 ರೂಪಾಯಿ. 9,000 ಪೌಚ್ ಸೋರಿವೆ ಎಂದು ಕೊಂಡವರು ಇಡೀ ಬಿಲ್ ತಡೆದಿದ್ದಾರೆ. ತಕರಾರು ಇರುವುದು 1,27,440 ರೂಪಾಯಿಗೆ ಮಾತ್ರ, ಉಳಿದ 4,38,960ಕ್ಕೆ ಇಲ್ಲ. ಪ್ರಸ್ತಾಪ ಈ ಎರಡನ್ನು ಬೇರೆ ಮಾಡಿಯೇ ಶುರುವಾಗಬೇಕು. ‘ಬಿಲ್ ಬಗ್ಗೆ ವ್ಯಾಜ್ಯ’ ಎಂದು ಒಟ್ಟಾರೆ ಬರೆದರೆ ತಕರಾರಿಲ್ಲದ ಹಣವೂ ಮಾತುಕತೆಗೆ ಸಿಕ್ಕಿಕೊಳ್ಳುತ್ತದೆ.

ಮಧ್ಯಸ್ಥನ ಮುಂದೆ ಮೊದಲು ಇಡಬೇಕಾದದ್ದು ಸೋರಿದ ಪೌಚ್‌ಗಳನ್ನೇ. ಅಡಿ ಅಥವಾ ಪಕ್ಕದ ಬೆಸುಗೆ ಬಿಟ್ಟಿದ್ದರೆ ಅದು ಪೌಚ್ ಮಾಡಿದವರ ಕೆಲಸ. ಬಾಯಿಯ ಬೆಸುಗೆ ಹಾಕುವವರು ತುಂಬುವವರು. ಅಲ್ಲಿ ಪುಡಿಯ ಧೂಳು ಕೂತರೆ, ಸೀಲಿಂಗ್ ಮಷಿನ್ನಿನ ಶಾಖ ಕಡಿಮೆಯಾದರೆ, ಪೌಚ್ ಎಷ್ಟೇ ಚೆನ್ನಾಗಿದ್ದರೂ ಬಿಡುತ್ತದೆ. ಇಬ್ಬರ ಎದುರೇ ವಿಂಗಡಿಸಿದಾಗ 6,000 ಪಕ್ಕದಲ್ಲಿ, 3,000 ಬಾಯಲ್ಲಿ ಬಿಟ್ಟಿವೆ ಎಂದಾದರೆ ಲೆಕ್ಕ ತಾನೇ ನಿಲ್ಲುತ್ತದೆ: 84,960 ರೂಪಾಯಿ ಕಡಿತ, 4,81,440 ಪಾವತಿ. ಕಡಿತಕ್ಕೆ ಮಾರಿದವರು ಜಿಎಸ್‌ಟಿ ಕ್ರೆಡಿಟ್ ನೋಟ್ ಕೊಡಬೇಕು, ಕೊಂಡವರು ಅಷ್ಟು ಇನ್‌ಪುಟ್ ಕ್ರೆಡಿಟ್ ಹಿಂತಿರುಗಿಸಬೇಕು. ಒಪ್ಪಂದದಲ್ಲಿ ಇದನ್ನು ಬರೆಯದೆ ಬಿಟ್ಟು ಮೂರು ತಿಂಗಳ ಮೇಲೆ ತೆರಿಗೆಗಾಗಿ ಮತ್ತೆ ಜಗಳ ತೆಗೆಯುವವರಿಗೆ ಏನು ಹೇಳುವುದು!

ಇನ್ನೊಂದು ತಪ್ಪು ನಂಬಿಕೆ: ಪ್ರಸ್ತಾಪ ಕಳಿಸಿದರೆ ದಾವೆ ಹೂಡುವ ವಾಯಿದೆ ನಿಲ್ಲುತ್ತದೆ ಎಂಬುದು. ಖಾಸಗಿ ಪತ್ರದಿಂದ ನಿಲ್ಲುವುದಿಲ್ಲ. ಹಣದ ದಾವೆಗಿರುವ ಮೂರು ವರ್ಷ ಓಡುತ್ತಲೇ ಇರುತ್ತದೆ. ಮುಗಿಯುವ ಮೊದಲೇ ಬಾಕಿದಾರರು ಸಹಿ ಹಾಕಿ ಬಾಕಿ ಒಪ್ಪಿಕೊಂಡರೆ ಅದು ಹೊಸದಾಗಿ ಶುರುವಾಗುತ್ತದೆ. ಆ ಒಪ್ಪಿಗೆಯನ್ನು ಬೇರೆ ಪತ್ರದಲ್ಲೇ ಕೇಳಿ. ‘ಹಕ್ಕುಗಳಿಗೆ ಬಾಧೆ ಬಾರದಂತೆ’ ಎಂದು ತಲೆಬರಹ ಹಾಕಿದ ರಾಜಿ ಪತ್ರದಲ್ಲಿ ಅದು ಸೇರಿಕೊಂಡರೆ, ಮುಂದೆ ಕೋರ್ಟಿನಲ್ಲಿ ತೋರಿಸಲು ತೊಡಕಾಗುತ್ತದೆ.

ಮೊತ್ತ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ವ್ಯಾಜ್ಯವಾದರೆ ಕತೆಯೇ ಬೇರೆ. ತುರ್ತು ತಡೆಯಾಜ್ಞೆಯಂಥ ಪರಿಹಾರ ಬೇಕಿಲ್ಲದಿದ್ದರೆ, ದಾವೆಗೆ ಮೊದಲು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನ ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಇದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಮ್ಮ ಉದಾಹರಣೆಯಲ್ಲಿ ಇಡೀ ಬಿಲ್ಲಿಗೆ ದಾವೆ ಹೂಡುವುದಾದರೆ ಈ ಹಾದಿ ತಪ್ಪದು, ನೀವು ಕಳಿಸಿದ ಖಾಸಗಿ ಪ್ರಸ್ತಾಪ ಇದಕ್ಕೆ ಬದಲಿಯಾಗದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಒಂದನೇ ನಮೂನೆಯಲ್ಲಿ, 1,000 ರೂಪಾಯಿ ಶುಲ್ಕದೊಂದಿಗೆ. ಇಲ್ಲಿ ಕಳೆದ ಸಮಯ ವಾಯಿದೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಆದ ಒಪ್ಪಂದಕ್ಕೆ ಆರ್ಬಿಟ್ರೇಷನ್ ತೀರ್ಪಿನಷ್ಟೇ ಬಲ. ಎದುರಿನವರು ಬರಲೇ ಇಲ್ಲವೆಂದರೆ ಪ್ರಾಧಿಕಾರ ಹಾಗೆಂದು ವರದಿ ಕೊಡುತ್ತದೆ, ಅದನ್ನು ಹಿಡಿದು ದಾವೆ ಹೂಡಬಹುದು.