ಹದಿನೆಂಟೋ, ಇಪ್ಪತ್ತೊಂದೋ? ಮದ್ಯದ ವಯೋಮಿತಿ, ಮಾರಾಟ ನಿಷೇಧದ ದಿನಗಳು ಮತ್ತು ಸಂಶೋಧನೆ ಹೇಳುವುದು

ಕರ್ನಾಟಕದಲ್ಲಿ ಮದ್ಯ ಕೊಳ್ಳಲು ಎಷ್ಟು ವಯಸ್ಸಾಗಿರಬೇಕು ಎಂಬ ಪ್ರಶ್ನೆಗೆ ಕಾನೂನಿನಲ್ಲೇ ಎರಡು ಉತ್ತರಗಳಿವೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಪ್ರಕರಣವು 18 ವರ್ಷ ತುಂಬದವರಿಗೆ ಮದ್ಯ ಮಾರುವುದನ್ನು ಅಪರಾಧವೆನ್ನುತ್ತದೆ. ಅದೇ ಕಾಯ್ದೆಯಡಿ 1967ರಲ್ಲಿ ರಚಿತವಾದ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು 21 ವರ್ಷ ತುಂಬದವರಿಗೆ ಮಾರಬಾರದೆನ್ನುತ್ತವೆ. ಮೊದಲ ಓದಿಗೆ ಇದು ಪರಸ್ಪರ ವಿರೋಧದಂತೆ ಕಂಡರೂ, ಕಾಯ್ದೆಗೂ ನಿಯಮಕ್ಕೂ ಇರುವ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಗೊಂದಲ ಕರಗುತ್ತದೆ. ಕಾಯ್ದೆಯನ್ನು ಮಾಡುವುದು ಶಾಸಕಾಂಗ. ನಿಯಮವನ್ನು ಮಾಡುವುದು ಆ ಕಾಯ್ದೆ ಕೊಟ್ಟ ಅಧಿಕಾರದಿಂದ ಸರ್ಕಾರ. ಸನ್ನದು ಎಂಬುದು ಷರತ್ತುಗಳೊಂದಿಗೆ ಸರ್ಕಾರ ಕೊಡುವ ಪರವಾನಗಿಯಾದ್ದರಿಂದ, ಕಾಯ್ದೆ ಹಾಕಿದ ಗೆರೆಗಿಂತ ಬಿಗಿಯಾದ ಷರತ್ತನ್ನು ಸನ್ನದುದಾರನ ಮೇಲೆ ಹೇರಲು ಅವಕಾಶವಿದೆ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಈ ಅವಕಾಶಕ್ಕೆ ಬಲ ಕೊಡುತ್ತದೆ. ಆದ್ದರಿಂದ ಅಂಗಡಿಯ ಮುಂದೆ ನಿಂತವನಿಗೆ ಅನ್ವಯಿಸುವ ವಯಸ್ಸು 21.

ಈ ಎರಡು ಅಂಕಿಗಳನ್ನು ಒಂದುಗೂಡಿಸಲು 2023ರ ಜನವರಿಯಲ್ಲಿ ಒಂದು ಪ್ರಯತ್ನ ನಡೆಯಿತು. ನಿಯಮದಲ್ಲಿರುವ 21ನ್ನು 18ಕ್ಕೆ ಇಳಿಸುವ ಕರಡನ್ನು ಪ್ರಕಟಿಸಿ ಸರ್ಕಾರ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಕರೆಯಿತು. ವಿರೋಧ ಜೋರಾದಾಗ ಕೆಲವೇ ದಿನಗಳಲ್ಲಿ ಪ್ರಸ್ತಾವವನ್ನು ಕೈಬಿಟ್ಟಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಇಷ್ಟು ದೊಡ್ಡ ಬದಲಾವಣೆಗೆ ವಿಧಾನಸಭೆಯಲ್ಲಿ ಮಸೂದೆ ಮಂಡಿಸುವ ಅಗತ್ಯವೇ ಇರಲಿಲ್ಲ. ಸುಮ್ಮನಿದ್ದಿದ್ದರೆ ಒಂದು ಅಧಿಸೂಚನೆಯಲ್ಲಿ ಮುಗಿದುಹೋಗುತ್ತಿತ್ತು.

ಇನ್ನು ರಾಜ್ಯದಿಂದ ರಾಜ್ಯಕ್ಕೆ ಈ ಗೆರೆ ಏಕೆ ಬದಲಾಗುತ್ತದೆ ಎಂಬ ಪ್ರಶ್ನೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ, ರಾಜ್ಯ ಪಟ್ಟಿಯ 8ನೇ ನಮೂದು ಅಮಲೇರಿಸುವ ಮದ್ಯದ ತಯಾರಿಕೆ, ಸಾಗಣೆ, ಖರೀದಿ, ಮಾರಾಟಗಳನ್ನೆಲ್ಲ ರಾಜ್ಯಗಳಿಗೆ ಬಿಟ್ಟಿದೆ. 51ನೇ ನಮೂದು ಅದರ ಮೇಲಿನ ಅಬಕಾರಿ ಸುಂಕವನ್ನೂ ರಾಜ್ಯಗಳಿಗೇ ಕೊಟ್ಟಿದೆ. 47ನೇ ವಿಧಿಯು ಔಷಧಕ್ಕಲ್ಲದೆ ಬೇರೆ ಉದ್ದೇಶಕ್ಕೆ ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆನ್ನುತ್ತದೆಯಾದರೂ ಅದು ನಿರ್ದೇಶಕ ತತ್ವ. ನ್ಯಾಯಾಲಯದ ಮೂಲಕ ಜಾರಿಗೊಳಿಸಿಕೊಳ್ಳುವಂಥದ್ದಲ್ಲ. ಹೀಗೆ ಒಂದೇ ಸಂವಿಧಾನ ಒಂದು ಕೈಯಲ್ಲಿ ಪಾನನಿರೋಧದ ಆದರ್ಶವನ್ನೂ ಇನ್ನೊಂದು ಕೈಯಲ್ಲಿ ಮದ್ಯದ ಆದಾಯವನ್ನೂ ರಾಜ್ಯಗಳಿಗೆ ಕೊಟ್ಟಿದೆ. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯ ಅದರ ಹೊರಗೇ ಉಳಿಯಿತು. ಕರ್ನಾಟಕದ ಅಬಕಾರಿ ಆದಾಯ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಯನ್ನು ದಾಟಿದೆ. ರಾಜ್ಯವು ಸ್ವತಂತ್ರವಾಗಿ ಏರಿಸಬಲ್ಲ ತೆರಿಗೆಗಳು ಬೆರಳೆಣಿಕೆಯಷ್ಟೇ ಉಳಿದಿರುವಾಗ ಈ ಮೊತ್ತದ ತೂಕ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪರಿಣಾಮವಾಗಿ ಗೋವಾದಲ್ಲಿ ವಯೋಮಿತಿ 18, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ 21, ಕೇರಳದಲ್ಲಿ 23. ಗುಜರಾತ್ ಮತ್ತು ಬಿಹಾರಗಳಲ್ಲಿ ಪಾನನಿರೋಧವೇ ಇದೆ. ಮಂಗಳೂರಿನ ದಕ್ಷಿಣಕ್ಕಿರುವ ತಲಪಾಡಿಯ ಗಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಈ ಬದಿಯಲ್ಲಿ ಕಾನೂನುಬದ್ಧವಾಗಿ ಬಿಯರ್ ಕೊಳ್ಳಬಲ್ಲ 22 ವರ್ಷದ ಯುವಕ ಕಾಸರಗೋಡಿನ ಕಡೆ ಕೆಲವು ಹೆಜ್ಜೆ ಇಟ್ಟರೆ ಅಪ್ರಾಪ್ತನಾಗುತ್ತಾನೆ. ಕೇರಳದಲ್ಲಿ ಪ್ರತಿ ತಿಂಗಳ ಮೊದಲ ದಿನ ಚಿಲ್ಲರೆ ಮದ್ಯದಂಗಡಿಗಳು ಮುಚ್ಚಿರುತ್ತವೆ. ಸಂಬಳದ ಹಣ ಮನೆ ತಲುಪುವ ಮೊದಲೇ ಖರ್ಚಾಗಬಾರದೆಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಆ ದಿನ ಗಡಿಯ ಈಚೆಗಿನ ಅಂಗಡಿ ಎಂದಿನಂತೆ ತೆರೆದಿರಬಹುದು. ಒಂದು ನಿಯಮವನ್ನು ಅಳೆಯುವಾಗ, ಅದನ್ನು ತಪ್ಪಿಸಿಕೊಳ್ಳಲು ಎಷ್ಟು ದೂರ ಹೋಗಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಕೇಳುವುದು ಉಪಯುಕ್ತ. ಮುಂದೆ ಬರುವ ಸಂಶೋಧನೆಗಳನ್ನೂ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದೋಣ.

ವಯೋಮಿತಿಯ ವಿಷಯದಲ್ಲಿ ಅತ್ಯಂತ ಗಟ್ಟಿಯಾದ ಪುರಾವೆ ಇರುವುದು ಅಮೆರಿಕದಿಂದ. ಅಲ್ಲಿಯೂ ಮದ್ಯ ರಾಜ್ಯಗಳ ವಿಷಯ. 1970ರ ದಶಕದ ಮೊದಲ ಭಾಗದಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಾಗ, ಇಪ್ಪತ್ತೊಂಬತ್ತು ರಾಜ್ಯಗಳು ಮದ್ಯದ ವಯಸ್ಸನ್ನೂ ಇಳಿಸಿದವು. ರಸ್ತೆ ಅಪಘಾತಗಳು ಹೆಚ್ಚಿದ್ದನ್ನು ಕಂಡು ಕೆಲವು ರಾಜ್ಯಗಳು ಮತ್ತೆ ಏರಿಸಿದವು. 1984ರಲ್ಲಿ ಒಕ್ಕೂಟ ಸರ್ಕಾರ ನೇರವಾಗಿ ವಯಸ್ಸು ನಿಗದಿ ಮಾಡದೆ, 21ಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನದಲ್ಲಿ ಕಡಿತ ಮಾಡುವ ಕಾಯ್ದೆ ತಂದಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದವು. ಬೇರೆ ಬೇರೆ ರಾಜ್ಯಗಳು ಬೇರೆ ಬೇರೆ ವರ್ಷಗಳಲ್ಲಿ ಬದಲಾದದ್ದೇ ಸಂಶೋಧಕರಿಗೆ ವರವಾಯಿತು. ಸೀಟ್ ಬೆಲ್ಟ್, ವಾಹನಗಳ ಸುಧಾರಣೆ ಮುಂತಾದವು ಎಲ್ಲೆಡೆ ಸರಿಸುಮಾರು ಒಟ್ಟಿಗೆ ಬರುತ್ತಿದ್ದಾಗ, ವಯೋಮಿತಿ ಬದಲಿಸಿದ ರಾಜ್ಯವನ್ನು ಬದಲಿಸದ ರಾಜ್ಯದೊಂದಿಗೆ ಹೋಲಿಸಲು ಸಾಧ್ಯವಾಯಿತು. ಅಪಘಾತದಲ್ಲಿ ಚಾಲಕ ಕುಡಿದಿದ್ದನೇ ಎಂಬ ದಾಖಲೆ ಎಲ್ಲ ಕಡೆ ಸಿಗದ ಕಾರಣ, ರಾತ್ರಿ ವೇಳೆ ಒಂದೇ ವಾಹನ ಭಾಗಿಯಾದ ಅಪಘಾತಗಳನ್ನು ಅವರು ಬದಲಿ ಅಳತೆಯಾಗಿ ಬಳಸಿದರು. ಅಂಥವುಗಳಲ್ಲಿ ಮದ್ಯದ ಪಾಲು ಹೆಚ್ಚು. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯೋಮಿತಿ ಏರಿಸಿದ ಕಡೆ ಆ ವಯೋಮಾನದವರ ಅಪಘಾತಗಳು ಮಧ್ಯಕ ಲೆಕ್ಕದಲ್ಲಿ ಶೇ 16ರಷ್ಟು ಇಳಿದಿದ್ದವು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಧಾನವನ್ನು ಕಾರ್ಪೆಂಟರ್ ಮತ್ತು ಡಾಬ್‌ಕಿನ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಬಳಸಿದರು. 20 ವರ್ಷ 11 ತಿಂಗಳಿನವರಿಗೂ 21 ವರ್ಷ 1 ತಿಂಗಳಿನವರಿಗೂ ಸ್ವಭಾವ, ಓದು, ಆದಾಯ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಇರುವುದು ಕಾನೂನಿನ ಒಂದು ಗೆರೆ ಮಾತ್ರ. ವಯಸ್ಸನ್ನು ಅಡ್ಡರೇಖೆಯಲ್ಲೂ ಸಾವಿನ ಪ್ರಮಾಣವನ್ನು ಲಂಬರೇಖೆಯಲ್ಲೂ ಗುರುತಿಸಿ ನೋಡಿದರೆ, ನಯವಾಗಿ ಸಾಗುವ ಗೆರೆ 21ರ ಬಳಿ ಥಟ್ಟನೆ ಮೇಲಕ್ಕೆ ಜಿಗಿದರೆ, ಆ ಜಿಗಿತಕ್ಕೆ ಬೇರೆ ಕಾರಣ ಹುಡುಕುವುದು ಕಷ್ಟ. ಅವರು ಕಂಡದ್ದು ಇದನ್ನೇ. 21 ತುಂಬುತ್ತಲೇ ಕುಡಿಯುವ ದಿನಗಳು ಶೇ 21ರಷ್ಟು, ಸಾವಿನ ಪ್ರಮಾಣ ಸುಮಾರು ಶೇ 9ರಷ್ಟು ಏರಿದ್ದವು; ಆ ಏರಿಕೆಯಲ್ಲಿ ಮುಖ್ಯವಾದವು ವಾಹನ ಅಪಘಾತ, ಅತಿಯಾದ ಮದ್ಯಸೇವನೆ ಮತ್ತು ಆತ್ಮಹತ್ಯೆ. ಪರೀಕ್ಷೆಗೆ ಓದುವವರು ಒಂದು ಮಿತಿಯನ್ನು ಮರೆಯಬಾರದು. ಈ ವಿಧಾನ ಗೆರೆಯ ಆಚೀಚೆ ಇರುವವರ ಬಗ್ಗೆ ಮಾತ್ರ ಹೇಳಬಲ್ಲದು. ಗೆರೆಯನ್ನು 18ಕ್ಕೋ 25ಕ್ಕೋ ಸರಿಸಿದರೆ ಏನಾಗುತ್ತದೆಂದು ಅದು ನೇರವಾಗಿ ಹೇಳುವುದಿಲ್ಲ.

ಈ ಅಂಕಿಗಳನ್ನು ಹಾಗೇ ತಂದು ಕರ್ನಾಟಕಕ್ಕೆ ಅಂಟಿಸುವುದು ತಪ್ಪಾದೀತು. ಅಲ್ಲಿ ಇಪ್ಪತ್ತರ ಹರೆಯದವರು ಕಾರು ಓಡಿಸುತ್ತಾರೆ, ಅಂಗಡಿಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಅಂಗಡಿಯವನು ವಯಸ್ಸನ್ನು ಕೇಳದೇ ಹೋದರೆ ಗೆರೆ 21ರಲ್ಲಿದ್ದರೂ 18ರಲ್ಲಿದ್ದರೂ ಜಿಗಿತ ಕಾಣಿಸುವುದಿಲ್ಲ. ಹಾಗೆಂದು ಭಾರತದಲ್ಲಿ ವಯೋಮಿತಿ ಕೇವಲ ಕಾಗದದ ಮೇಲಿನ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಲೂಕಾ, ಓವೆನ್ಸ್ ಮತ್ತು ಶರ್ಮಾ ಅವರು ನಮ್ಮ ರಾಜ್ಯಗಳ ವಯೋಮಿತಿಯ ಏರುಪೇರನ್ನೇ ಬಳಸಿ ನಡೆಸಿದ ಅಧ್ಯಯನದಲ್ಲಿ, ಕಾನೂನುಬದ್ಧ ವಯಸ್ಸು ತಲುಪಿದ ಗಂಡಸರು ಕುಡಿಯುವ ಸಾಧ್ಯತೆ ಗಣನೀಯವಾಗಿ ಹೆಚ್ಚೆಂದು ಕಂಡುಬಂದಿದೆ. ಗೆರೆ ಸೋರುತ್ತದೆ, ಆದರೂ ಸ್ವಲ್ಪ ತಡೆಯುತ್ತದೆ ಎಂಬುದು ನನ್ನ ಓದು.

ಮದ್ಯ ಮಾರಾಟ ನಿಷೇಧದ ದಿನಗಳ, ಅಂದರೆ ನಾವು ಡ್ರೈ ಡೇ ಎನ್ನುವುದರ, ಕಥೆ ಬೇರೆ. ಇವುಗಳಲ್ಲಿ ಒಂದು ಬಗೆ ಇಡೀ ದೇಶಕ್ಕೆ ಏಕರೂಪವಾದದ್ದು: 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಸಿ ಪ್ರಕರಣದಂತೆ, ಮತದಾನ ಮುಗಿಯುವ ಗಳಿಗೆಯಿಂದ ಹಿಂದಕ್ಕೆ ಎಣಿಸಿದ 48 ಗಂಟೆಗಳಲ್ಲಿ ಮತಕ್ಷೇತ್ರದಲ್ಲಿ ಮದ್ಯ ಮಾರುವಂತಿಲ್ಲ, ಹಂಚುವಂತಿಲ್ಲ. 2024ರ ಏಪ್ರಿಲ್ 26ರ ಶುಕ್ರವಾರ ಕರ್ನಾಟಕದಲ್ಲಿ ಮೊದಲ ಹಂತದ ಮತದಾನ ಸಂಜೆ 6ಕ್ಕೆ ಮುಗಿಯುತ್ತಿತ್ತು. ಆದ್ದರಿಂದ ಬುಧವಾರ ಸಂಜೆ 6ರಿಂದಲೇ ಬಾಗಿಲು ಮುಚ್ಚಬೇಕಾಯಿತು. ಇದರ ಗುರಿ ಆರೋಗ್ಯವಲ್ಲ, ಮತಕ್ಕೆ ಬದಲಾಗಿ ಬಾಟಲಿ ಕೊಡುವುದನ್ನು ತಡೆಯುವುದು; ಹೀಗಾಗಿ ಅದನ್ನು ಅಪಘಾತಗಳ ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಗಾಂಧಿ ಜಯಂತಿಯಂಥ ದಿನಗಳ ನಿಷೇಧದಲ್ಲಿ ಗೌರವದ ಉದ್ದೇಶ ಮುಖ್ಯ.

ಆರೋಗ್ಯದ ದೃಷ್ಟಿಯಿಂದ ದಿನದ ನಿಷೇಧವನ್ನು ಪರೀಕ್ಷಿಸಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಸ್ವೀಡನ್ನಿನಲ್ಲಿ ಸರ್ಕಾರಿ ಮದ್ಯದಂಗಡಿಗಳನ್ನು ಶನಿವಾರವೂ ತೆರೆದು ನೋಡಿದಾಗ ಮಾರಾಟ ಸುಮಾರು ಶೇ 4ರಷ್ಟು ಏರಿತು, ಆದರೆ ಹಲ್ಲೆಗಳು ಸ್ಪಷ್ಟವಾಗಿ ಏರಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 1995ರಲ್ಲಿ ಭಾನುವಾರದ ನಿಷೇಧ ತೆರವಾದ ನಂತರ ಭಾನುವಾರದ ಮದ್ಯಸಂಬಂಧಿ ಅಪಘಾತಗಳು ಶೇ 29ರಷ್ಟು ಹೆಚ್ಚಿದವೆಂದು ಒಂದು ಅಧ್ಯಯನ ಹೇಳಿತು. ಬೇರೆ ರಾಜ್ಯಗಳನ್ನೂ ಸೇರಿಸಿಕೊಂಡ ನಂತರದ ಅಧ್ಯಯನದಲ್ಲಿ ಆ ಪರಿಣಾಮ ಬೇರೆಡೆ ಕಾಣಲಿಲ್ಲ. ಮದ್ಯ ಹಾಲಿನಂತೆ ಕೆಡುವ ವಸ್ತುವಲ್ಲ. ಮುಂಚೆಯೇ ಘೋಷಿಸಿದ ಒಂದು ದಿನದ ನಿಷೇಧಕ್ಕೆ ಹಿಂದಿನ ಸಂಜೆಯ ಖರೀದಿಯೇ ಸಾಕು.

ಮುಚ್ಚುವ ವೇಳೆಯನ್ನು ಹಾಗೆ ಸುಲಭವಾಗಿ ತಪ್ಪಿಸಿಕೊಳ್ಳಲಾಗದು, ಏಕೆಂದರೆ ಬಾರಿನೊಳಗೆ ಕೂತು ಕುಡಿಯುವುದನ್ನು ಮುಂಚೆಯೇ ಕೊಂಡಿಡಲು ಬರುವುದಿಲ್ಲ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದಲ್ಲಿ 2008ರಲ್ಲಿ ಹದಿನಾಲ್ಕು ಪಬ್‌ಗಳ ಮುಚ್ಚುವ ವೇಳೆಯನ್ನು ಬೆಳಗಿನ ಜಾವ 5ರಿಂದ 3ಕ್ಕೆ, ಕೆಲವು ತಿಂಗಳ ನಂತರ 3.30ಕ್ಕೆ ನಿಗದಿ ಮಾಡಿದರು. ಜೊತೆಗೆ ಒಂದು ಹೊತ್ತಿನ ಬಳಿಕ ಹೊಸಬರನ್ನು ಒಳಗೆ ಬಿಡದಂತೆ ತಡೆದರು. ಬದಲಾವಣೆಯಿಲ್ಲದ ಪಕ್ಕದ ಹ್ಯಾಮಿಲ್ಟನ್ ಪ್ರದೇಶದೊಂದಿಗೆ ಹೋಲಿಸಿದಾಗ ರಾತ್ರಿಯ ಹಲ್ಲೆಗಳು ಶೇ 37ರಷ್ಟು ಇಳಿದಿದ್ದವು, ಜಗಳ ಹ್ಯಾಮಿಲ್ಟನ್‌ಗೆ ಸರಿದುಹೋದ ಗುರುತೂ ಸಿಗಲಿಲ್ಲ. ಕರ್ನಾಟಕದಲ್ಲಿ ಸಿಎಲ್-2 ಚಿಲ್ಲರೆ ಅಂಗಡಿಗೂ ಸಿಎಲ್-9 ಬಾರಿಗೂ ಮುಚ್ಚುವ ವೇಳೆಯನ್ನು ಬೇರೆ ಬೇರೆಯಾಗಿ ನಿಗದಿ ಮಾಡಿರುವುದನ್ನು ಓದುವಾಗ, ಒಂದರಲ್ಲಿ ಬಾಟಲಿ ಮನೆಗೆ ಹೋಗುತ್ತದೆ, ಇನ್ನೊಂದರಲ್ಲಿ ಅಮಲೇರಿದ ಗುಂಪು ಒಟ್ಟಿಗೇ ಬೀದಿಗಿಳಿಯುತ್ತದೆ ಎಂಬ ಭೇದವನ್ನು ನೆನಪಿಡಬೇಕು.

ಪೂರ್ಣ ನಿಷೇಧದ ಲೆಕ್ಕ ಇನ್ನೂ ಕಠಿಣ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಬಡವರ ಮನೆಯ ಹೆಂಗಸರು ವರ್ಷಗಟ್ಟಲೆ ಕೇಳಿದ್ದ ನಿಷೇಧವದು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗಗಳಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು, ಆಮೇಲೆ ಜೀವವನ್ನು ತೆಗೆಯುತ್ತದೆ. ಇದೊಂದನ್ನೇ ಹಿಡಿದು ನಿಷೇಧ ವ್ಯರ್ಥವೆನ್ನುವುದೂ ಅವಸರದ ಮಾತು. ಪೂರ್ಣ ಪಾನನಿರೋಧವಿಲ್ಲದ ತಮಿಳುನಾಡಿನ ಕಳ್ಳಕುರಿಚಿಯಲ್ಲೂ 2024ರಲ್ಲಿ ಇಂಥದೇ ದುರಂತ ನಡೆಯಿತು. 2016ರ ಬಿಹಾರದ ನಿಷೇಧವನ್ನು ನೆರೆ ರಾಜ್ಯಗಳೊಂದಿಗೆ ಹೋಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವು, ದಿನವೂ ಇಲ್ಲವೇ ವಾರವಾರ ಕುಡಿಯುವ 24 ಲಕ್ಷ ಪ್ರಕರಣಗಳೂ ಸಂಗಾತಿಯಿಂದಾಗುವ ಹಿಂಸೆಯ 21 ಲಕ್ಷ ಪ್ರಕರಣಗಳೂ ತಪ್ಪಿವೆಯೆಂದು ಅಂದಾಜಿಸಿತು. ಈ ಎರಡು ಅಂಕಿಗಳ ವಿಶ್ವಾಸಾರ್ಹತೆ ಒಂದೇ ಅಲ್ಲ. ಕುಡಿತವೇ ಅಪರಾಧವಾದ ರಾಜ್ಯದಲ್ಲಿ ಸಮೀಕ್ಷೆಯವರ ಮುಂದೆ ಗಂಡಸು ತಾನು ಕುಡಿಯುತ್ತೇನೆಂದು ಒಪ್ಪಲು ಹಿಂಜರಿಯುತ್ತಾನೆ, ಆದ್ದರಿಂದ ಮೊದಲ ಅಂಕಿ ಉಬ್ಬಿರಬಹುದು. ಎರಡನೆಯದಕ್ಕೆ ಉತ್ತರ ಕೊಟ್ಟವರು ಹೆಂಗಸರು, ಅವರಿಗೆ ಆ ಭಯ ಕಡಿಮೆ. ಅದಕ್ಕೇ ನಾನು ಎರಡನೆಯ ಅಂಕಿಯನ್ನೇ ಹೆಚ್ಚು ನಂಬುತ್ತೇನೆ.